ಕೊಲಿಸ್ಟಿನ್ ಎಂಐಸಿ 32 ಬಂದಾಗ ಬಾರದ ಗಾಬರಿ 4 ಬಂದಾಗ ಏಕೆ?

ರಾತ್ರಿಪಾಳಿ

ನಾನು ತೀವ್ರ ನಿಗಾ ಘಟಕದಲ್ಲಿ ಎರಡನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ. ಕಳೆದ ವಾರದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಪಿತ್ತನಾಳದಲ್ಲಿ ಸ್ಟೆಂಟ್ ಇದ್ದ ರೋಗಿಯೊಬ್ಬರು ಚಳಿಜ್ವರದಿಂದ ಬಂದರು. ರಕ್ತದ ಕಲ್ಚರ್‌ನಲ್ಲಿ ಇ. ಕೋಲೈ ಬೆಳೆಯಿತು. ಮೆರೊಪೆನೆಮ್ ಕೆಲಸ ಮಾಡುವುದಿಲ್ಲ, ಅದನ್ನು ಒಡೆಯುವ ಎನ್‌ಡಿಎಂ ಕಿಣ್ವ ಇದೆ ಎಂದು ವರದಿ ಬಂತು. ಸ್ವಯಂಚಾಲಿತ ಯಂತ್ರದ ಹಾಳೆಯಲ್ಲಿ ಕೊಲಿಸ್ಟಿನ್ ಎದುರು 0.5 ಎಂದಿತ್ತು. 90 ಲಕ್ಷ ಯೂನಿಟ್ ಮೊದಲ ಡೋಸ್ ಕೊಟ್ಟು, ಬಳಿಕ 45 ಲಕ್ಷದಂತೆ ದಿನಕ್ಕೆ ಎರಡು ಬಾರಿ ಮುಂದುವರಿಸಿದೆವು. ಮೂರನೆಯ ದಿನಕ್ಕೂ ಜ್ವರ ಇಳಿಯಲಿಲ್ಲ, ರಕ್ತದೊತ್ತಡ ಹಿಡಿದು ನಿಲ್ಲಿಸಲು ನಾರ್‌ಅಡ್ರಿನಲಿನ್ ಬೇಕೇ ಬೇಕಿತ್ತು. ಕ್ರಿಯಾಟಿನಿನ್ ಮಾತ್ರ 0.9ರಿಂದ 1.8ಕ್ಕೆ ಏರಿತು.

ಆಗ ಸೂಕ್ಷ್ಮಜೀವಿಶಾಸ್ತ್ರದ ಮೇಡಂ ಫೋನ್ ಮಾಡಲಿಲ್ಲ, ತಾವೇ ನಡೆದು ಬಂದರು. ಬೇರೆ ವಿಧಾನದಲ್ಲಿ ಪರೀಕ್ಷಿಸಿದಾಗ ಎಂಐಸಿ 4 ಬಂದಿದೆ, ಎಂಸಿಆರ್-1 ಜೀನ್ ಪಾಸಿಟಿವ್ ಎಂದರು. ರೋಗಿಯನ್ನು ಪ್ರತ್ಯೇಕ ಕೋಣೆಗೆ ಸಾಗಿಸಿ, ಅಕ್ಕಪಕ್ಕದ ಹಾಸಿಗೆಗಳ ರೋಗಿಗಳ ಗುದದ್ವಾರದ ಸ್ವಾಬ್ ಕಳಿಸಿ ಎಂದರು. ಅವರ ಮುಖ ನೋಡಿಯೇ ನಮಗೆ ಭಯವಾಯಿತು.

ನನ್ನ ಪ್ರಶ್ನೆ ಇಷ್ಟೇ. ಎಂಐಸಿ 32 ಇರುವ ಕ್ಲೆಬ್ಸಿಯೆಲ್ಲಾವನ್ನು ಇದೇ ಘಟಕದಲ್ಲಿ ಹಲವು ಬಾರಿ ನೋಡಿದ್ದೇವೆ. ಆಗ ಯಾರೂ ಹೀಗೆ ಓಡಿ ಬಂದಿರಲಿಲ್ಲ. 32ಕ್ಕೆ ಬಾರದ ಗಾಬರಿ 4ಕ್ಕೆ ಏಕೆ?

ಮಾತ್ರೆಪೆಟ್ಟಿಗೆ

ಇದರಲ್ಲಿ ಆಶ್ಚರ್ಯವೇನಿದೆ? ಎಂಸಿಆರ್-1 ಬಂತೆಂದರೆ ಯಾವ ಔಷಧವೂ ನಾಟುವುದಿಲ್ಲ ಎಂದರ್ಥ. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ 26 ಆಂಟಿಬಯೋಟಿಕ್‌ಗಳಿಗೂ ಬಗ್ಗದ ಬ್ಯಾಕ್ಟೀರಿಯಾದಿಂದ ಒಬ್ಬ ಮಹಿಳೆ ಸತ್ತರಲ್ಲ, ಅದು ಇದೇ ಜೀನ್. ನಾನು ಔಷಧ ವಿತರಕ, ವೈದ್ಯನಲ್ಲ. ಆದರೆ ಆ ಸುದ್ದಿಯನ್ನು ಗಮನವಿಟ್ಟು ಓದಿದ್ದೆ. ಕೊಲಿಸ್ಟಿನ್ ಎಂದರೆ ಕೊನೆಯ ಬಾಣ, ಅದು ಹೋದರೆ ಬತ್ತಳಿಕೆ ಖಾಲಿ.

ಅಗಾರ್‌ತಟ್ಟೆ

ಮಾತ್ರೆಪೆಟ್ಟಿಗೆ ಅವರೇ, ನೀವು ಎರಡು ಸುದ್ದಿಗಳನ್ನು ಒಂದಕ್ಕೊಂದು ಬೆಸೆದಿದ್ದೀರಿ. 2016ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದ ಮಹಿಳೆಯೊಬ್ಬರ ಮೂತ್ರದ ಇ. ಕೋಲೈನಲ್ಲಿ ಎಂಸಿಆರ್-1 ಸಿಕ್ಕಿತು. ಅಮೆರಿಕದಲ್ಲಿ ಮನುಷ್ಯರಲ್ಲಿ ಕಂಡ ಮೊದಲ ಪ್ರಕರಣ ಅದು. ಆದರೆ ಆ ಇ. ಕೋಲೈಗೆ ಮೆರೊಪೆನೆಮ್‌ನಂಥ ಕಾರ್ಬಪೆನೆಮ್‌ಗಳು ನಾಟುತ್ತಿದ್ದವು. ನೀವು ಹೇಳುವ ನೆವಾಡಾದ ಮಹಿಳೆಯದು ಬೇರೆ ಪ್ರಕರಣ. ಅವರ ದೇಹದಲ್ಲಿದ್ದುದು ಎನ್‌ಡಿಎಂ ಹೊತ್ತ ಕ್ಲೆಬ್ಸಿಯೆಲ್ಲಾ. ಕೊಲಿಸ್ಟಿನ್ ಅದಕ್ಕೂ ನಾಟಲಿಲ್ಲ, ಆದರೆ ಎಂಸಿಆರ್-1 ಇದೆಯೇ ಎಂದು ಹುಡುಕಿದಾಗ ಸಿಗಲಿಲ್ಲ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ರಾತ್ರಿಪಾಳಿಯವರ ಪ್ರಶ್ನೆಗೆ ದಾರಿ ಸಿಗುತ್ತದೆ. ಒಬ್ಬರಲ್ಲಿ ಎಂಸಿಆರ್-1 ಇತ್ತು, ಕಾರ್ಬಪೆನೆಮ್ ಉಳಿದಿತ್ತು. ಇನ್ನೊಬ್ಬರಲ್ಲಿ ಎನ್‌ಡಿಎಂ ಇತ್ತು, ಎಂಸಿಆರ್-1 ಇರಲಿಲ್ಲ. ನಿಮ್ಮ ರೋಗಿಯಲ್ಲಿ ಎರಡೂ ಒಂದೇ ಜೀವಕೋಶದಲ್ಲಿ ಕೂಡಿವೆ. ನಿಮ್ಮ ಮೇಡಂ ನಡೆದು ಬಂದದ್ದು ಅದಕ್ಕೇ ಎಂದು ನನಗನ್ನಿಸುತ್ತದೆ.

ಇನ್ನು 32 ಮತ್ತು 4ರ ವಿಚಾರ. ಕೊಲಿಸ್ಟಿನ್ ಧನ ಆವೇಶವಿರುವ ಅಣು. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಲಿಪಿಡ್-ಎ ಮೇಲೆ ಫಾಸ್ಫೇಟ್‌ಗಳಿಂದ ಬಂದ ಋಣ ಆವೇಶವಿರುತ್ತದೆ. ಕೊಲಿಸ್ಟಿನ್ ಅದನ್ನು ಹಿಡಿದುಕೊಂಡು, ಪೊರೆಯನ್ನು ಬಿಗಿದಿಟ್ಟಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತಳ್ಳಿ ಒಳನುಗ್ಗುತ್ತದೆ. ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬೇಕಾದರೆ ಆ ಋಣ ಆವೇಶವನ್ನು ಮುಚ್ಚಿಬಿಟ್ಟರೆ ಸಾಕು. ಕ್ಲೆಬ್ಸಿಯೆಲ್ಲಾ ಇದನ್ನು ಸಾಮಾನ್ಯವಾಗಿ ತನ್ನ ಕ್ರೋಮೊಸೋಮಿನಲ್ಲೇ ಮಾಡಿಕೊಳ್ಳುತ್ತದೆ. ಎಂಜಿಆರ್‌ಬಿ ಎಂಬ ಪುಟ್ಟ ಜೀನ್ ಕೆಟ್ಟುಹೋಗುತ್ತದೆ, ಅದು ಅದುಮಿಟ್ಟಿದ್ದ ಇಡೀ ವ್ಯವಸ್ಥೆ ಬಿಚ್ಚಿಕೊಳ್ಳುತ್ತದೆ, ಲಿಪಿಡ್-ಎ ಮೇಲೆ ಒಂದು ಸಕ್ಕರೆಯ ತುಣುಕು ಕೂರುತ್ತದೆ. ಎಂಐಸಿ 16, 32, 64ಕ್ಕೆ ಹಾರುತ್ತದೆ. ಎಂಸಿಆರ್-1 ಮಾಡುವುದೂ ಇಂಥದೇ ಕೆಲಸ. ಅದು ಫಾಸ್ಫೊಇಥನಾಲಮೈನ್ ಎಂಬ ಬೇರೊಂದು ತುಣುಕನ್ನು ಕೂರಿಸುತ್ತದೆ. ಎಂಐಸಿ 4ಕ್ಕೋ 8ಕ್ಕೋ ನಿಲ್ಲುತ್ತದೆ.

ಸಂಖ್ಯೆಯಲ್ಲಿ ಎಂಜಿಆರ್‌ಬಿಯದೇ ದೊಡ್ಡದು. ಆದರೆ ಅದು ಆ ಒಂದು ಬ್ಯಾಕ್ಟೀರಿಯಾದ ವಂಶದಲ್ಲಿ ತಾಯಿಯಿಂದ ಮಗಳಿಗೆ ಮಾತ್ರ ಇಳಿಯುವ ಆಸ್ತಿ. ಆ ತಳಿಯನ್ನು ತಡೆದರೆ ಅದೂ ತಡೆದಂತೆ. ಎಂಸಿಆರ್-1 ಕುಳಿತಿರುವುದು ಕ್ರೋಮೊಸೋಮಿನಿಂದ ಬೇರೆಯಾಗಿರುವ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಸುತ್ತಿನ ಮೇಲೆ. ಅದು ನೆರೆಮನೆಗೆ ಕೊಟ್ಟರೂ ತನ್ನ ಮನೆಯಲ್ಲಿ ಉಳಿದೇ ಇರುವ ದೀಪದ ಬೆಂಕಿಯಂತೆ. ಇ. ಕೋಲೈ ಅದನ್ನು ಕ್ಲೆಬ್ಸಿಯೆಲ್ಲಾಗೆ ಕೊಡಬಹುದು, ಅದು ಇನ್ನೊಂದಕ್ಕೆ ಕೊಡಬಹುದು. ಪಡೆದುಕೊಂಡ ಬ್ಯಾಕ್ಟೀರಿಯಾ ಹುಟ್ಟಿದಾಗಿನಿಂದ ಕೊಲಿಸ್ಟಿನ್ ಮುಖವನ್ನೇ ನೋಡಿರಬೇಕಾಗಿಲ್ಲ. 2015ರ ನವೆಂಬರ್‌ನಲ್ಲಿ ಚೀನಾದ ತಂಡ ಇದನ್ನು ಮೊದಲು ಪ್ರಕಟಿಸಿತು. ಶಾಂಘಾಯ್‌ನ ಒಂದು ಹಂದಿಯಿಂದ ಬಂದ ಇ. ಕೋಲೈ ಈ ಪ್ಲಾಸ್ಮಿಡ್ಡನ್ನು ಪ್ರಯೋಗಾಲಯದಲ್ಲಿ ಬೇರೊಂದು ಇ. ಕೋಲೈಗೆ ದಾಟಿಸಿದ ಪ್ರಮಾಣ, ಪಡೆಯುವ ಪ್ರತಿ ಹತ್ತು ಕೋಶಗಳಿಗೆ ಒಂದರಿಂದ ಸಾವಿರಕ್ಕೆ ಒಂದರಷ್ಟಿತ್ತು. ಕೊಲಿಸ್ಟಿನ್ ಎದುರು ಹೊಸ ರೂಪಾಂತರ ತಾನಾಗಿ ಮೂಡುವುದಕ್ಕೆ ಇದನ್ನು ಹೋಲಿಸಿದರೆ ಭಯವಾಗುವುದು ಸಹಜ.

ತಾಯಿಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ವೈದ್ಯೆಯಲ್ಲ, ಶಾಲೆಯಲ್ಲಿ ಪಾಠ ಹೇಳುವವಳು. ಇದನ್ನು ಓದಿದ ಮೇಲೆ ಅಮ್ಮನ ಹಳೆಯ ಮೂತ್ರದ ವರದಿ ತೆಗೆದು ನೋಡಿದೆ. ಇ. ಕೋಲೈ ಎಂದಿದೆ. ಉಳಿದ ಔಷಧಗಳ ಎದುರು ಎಸ್ ಅಥವಾ ಆರ್ ಎಂದಿದೆ, ಕೊಲಿಸ್ಟಿನ್ ಎದುರು ಮಾತ್ರ ಐ ಎಂದಿದೆ, ಎಂಐಸಿ 0.5. ಅರ್ಧಂಬರ್ಧ ನಿರೋಧ ಬಂದಿದೆ ಎಂದೇ ಇದರ ಅರ್ಥ? ಅಮ್ಮನಿಗೆ ಅದೇ ಜೀನ್ ಇದೆಯೇ? ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ. ಎಂಐಸಿ ಎಂದರೆ ಏನೆಂದೂ ನನಗೆ ಸರಿಯಾಗಿ ಗೊತ್ತಿಲ್ಲ.

ಅಗಾರ್‌ತಟ್ಟೆ

ಅಮ್ಮನ ವರದಿಯಲ್ಲಿ ಭಯಪಡುವಂಥದ್ದು ಏನೂ ಇಲ್ಲ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯದಂತೆ ತಡೆಯಲು ಲೀಟರಿಗೆ ಕನಿಷ್ಠ ಎಷ್ಟು ಮಿಲಿಗ್ರಾಂ ಔಷಧ ಬೇಕು ಎಂಬುದೇ ಎಂಐಸಿ. 0.5 ಎಂದರೆ ಸಾಮಾನ್ಯ ಇ. ಕೋಲೈನಲ್ಲಿ ಕಾಣುವ ಮಟ್ಟ, ಎಂಸಿಆರ್-1 ಇದ್ದಿದ್ದರೆ ಬಹುತೇಕ 4ರ ಆಸುಪಾಸಿನಲ್ಲಿ ಇರುತ್ತಿತ್ತು. ಐ ಎಂದು ಬರುವುದಕ್ಕೆ ಕಾರಣ ಅಮ್ಮನ ಬ್ಯಾಕ್ಟೀರಿಯಾ ಅಲ್ಲ, ನಿಯಮ. ಅಮೆರಿಕದ ಸಿಎಲ್‌ಎಸ್‌ಐ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ ಎಸ್ ಎಂಬ ವರ್ಗವೇ ಇಲ್ಲ. 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಐ, 4 ಅಥವಾ ಹೆಚ್ಚಿದ್ದರೆ ಆರ್. ಔಷಧ ಎಷ್ಟೇ ಚೆನ್ನಾಗಿ ನಾಟುವಂತೆ ಕಂಡರೂ ರೋಗಿಯಲ್ಲಿ ಅದರ ಫಲವನ್ನು ಪೂರ್ತಿ ನಂಬಲಾಗದು ಎಂಬ ಎಚ್ಚರಿಕೆ ಅದು. ಯುರೋಪಿನ ಮಾನದಂಡ ಅನುಸರಿಸುವ ಲ್ಯಾಬ್‌ನಲ್ಲಿ ಇದೇ 0.5ಕ್ಕೆ ಎಸ್ ಎಂದು ಬಂದೀತು. ಅಮ್ಮನ ಸೋಂಕು ಬೇರೆ ಔಷಧದಿಂದ ವಾಸಿಯಾಗಿದ್ದರೆ ಈ ಸಾಲನ್ನು ಮರೆತುಬಿಡಿ, ನೆಮ್ಮದಿಯಾಗಿ ನಿದ್ದೆ ಮಾಡಿ.

ರಾತ್ರಿಪಾಳಿ

ಅಗಾರ್‌ತಟ್ಟೆ ಅವರೇ, ಪ್ಲಾಸ್ಮಿಡ್ ಮಾತು ಅರ್ಥವಾಯಿತು. ಆದರೆ 4 ಎಂಬುದು ಮಿತಿಯಿಂದ ಒಂದೇ ಮೆಟ್ಟಿಲು ಮೇಲೆ. ಡೋಸ್ ದುಪ್ಪಟ್ಟು ಮಾಡಿ ದಾಟಲಾಗದೇ? ನಮ್ಮ ಜೊತೆಗಿರುವ ಒಬ್ಬರು ರೌಂಡ್ಸ್‌ನಲ್ಲಿ ಇದನ್ನೇ ಕೇಳಿದರು, ಯಾರೂ ಸರಿಯಾಗಿ ಉತ್ತರಿಸಲಿಲ್ಲ.

ಇಪ್ಪತ್ತುವರ್ಷದ ವಾರ್ಡು

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಔಷಧದಿಂದ ಮೂತ್ರಪಿಂಡ ಸೋತ ರೋಗಿಗಳನ್ನು ಡಯಾಲಿಸಿಸ್‌ಗೆ ಕಳಿಸಿದ ಕೈ ಇದು.

ಆಗದು. ನಾವು ಇಂದು ಕೊಡುವ ಡೋಸಿನ ಗುರಿಯೇ ರಕ್ತದಲ್ಲಿ ಸರಾಸರಿ ಲೀಟರಿಗೆ 2 ಮಿಲಿಗ್ರಾಂ ಕೊಲಿಸ್ಟಿನ್ ನಿಲ್ಲಿಸುವುದು. ಆ ಮಟ್ಟ ದಾಟುತ್ತಿದ್ದಂತೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಏರತೊಡಗುತ್ತದೆ. ಅಂದರೆ ಫಲಕೊಡುವ ಮಟ್ಟವೂ ನಂಜಾಗುವ ಮಟ್ಟವೂ ಒಂದರ ಮೇಲೊಂದು ಕುಳಿತಿವೆ. ಪೆನಿಸಿಲಿನ್‌ನಂತೆ ಇಲ್ಲಿ ಹಿಗ್ಗಿಸಲು ಜಾಗವಿಲ್ಲ. ಎಂಐಸಿ 2 ಆದರೆ ಗೋಡೆಗೆ ಬೆನ್ನು ಕೊಟ್ಟು ನಿಂತಂತೆ, 4 ಆದರೆ ಗೋಡೆಯ ಆಚೆ. ಹಾಗಾಗಿ ರಕ್ತದ ಸೋಂಕಿನಲ್ಲಿ 4ಕ್ಕೂ 32ಕ್ಕೂ ನನ್ನ ಮಟ್ಟಿಗೆ ವ್ಯತ್ಯಾಸವಿಲ್ಲ, ಎರಡೂ ಕೈಗೆಟುಕುವುದಿಲ್ಲ. ನಿಮ್ಮ ರೋಗಿಯ ಕ್ರಿಯಾಟಿನಿನ್ 1.8 ಆಗಿದೆ, ಬ್ಯಾಕ್ಟೀರಿಯಾ ಹಾಗೆಯೇ ಇದೆ. ಮೂರು ದಿನ ನಂಜನ್ನು ಮಾತ್ರ ಕೊಟ್ಟಿದ್ದೀರಿ, ಔಷಧ ಕೊಟ್ಟಂತಾಗಲಿಲ್ಲ. ಕಟುವಾಗಿ ಹೇಳುತ್ತಿದ್ದೇನೆ ಎಂದು ಬೇಸರಿಸಬೇಡಿ. ನಾನೂ ಇದನ್ನು ಮಾಡಿದ್ದೇನೆ.

ಕೊಲಿಸ್ಟಿನ್ 1950ರ ದಶಕದಲ್ಲಿ ಬಳಕೆಗೆ ಬಂದ ಔಷಧ. ಮೂತ್ರಪಿಂಡ ಮತ್ತು ನರಗಳಿಗೆ ಆಗುವ ಹಾನಿ ನೋಡಿ 1970ರ ದಶಕದಲ್ಲಿ ಅದನ್ನು ಮೂಲೆಗೆ ಸರಿಸಿದ್ದರು. ಬೇರೇನೂ ಉಳಿಯದಾಗ ಅದೇ ಮೂಲೆಯಿಂದ ಎತ್ತಿ ತಂದೆವು.

ಆದರೂ ಅಗಾರ್‌ತಟ್ಟೆಯವರ ಗಾಬರಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ವಾರ್ಡಿನಲ್ಲಿ ಕೊಲಿಸ್ಟಿನ್ ಕೈಕೊಟ್ಟ ರೋಗಿಗಳಲ್ಲಿ ಬಹುಪಾಲು ಕ್ರೋಮೊಸೋಮಿನ ರೂಪಾಂತರವಿದ್ದ ಕ್ಲೆಬ್ಸಿಯೆಲ್ಲಾದವರು. ಎಂಸಿಆರ್ ಕೈಬೆರಳೆಣಿಕೆಯಷ್ಟು. 2015ರಲ್ಲಿ ಪತ್ರಿಕೆಗಳು ಪ್ರಳಯ ಬಂತು ಎಂದು ಬರೆದವು, ನಾವು ಹೆದರಿದ ವೇಗದಲ್ಲಿ ಅದು ಆಸ್ಪತ್ರೆಯೊಳಗೆ ಬರಲಿಲ್ಲ. ನಿತ್ಯ ಕೊಲ್ಲುತ್ತಿರುವುದನ್ನು ಬಿಟ್ಟು ಅಪರೂಪದ್ದರ ಹಿಂದೆ ಓಡುವುದು ಸರಿಯೇ?

ಅಗಾರ್‌ತಟ್ಟೆ

ಸರ್, ನಿಮ್ಮ ಎಣಿಕೆ ಸರಿ. ಕ್ಲೆಬ್ಸಿಯೆಲ್ಲಾದಲ್ಲಿ ಎಂಜಿಆರ್‌ಬಿಯೇ ಹೆಚ್ಚು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಂಸಿಆರ್-1ನ್ನು ಅತಿಯಾಗಿ ತಯಾರಿಸುವ ಬ್ಯಾಕ್ಟೀರಿಯಾದ ಪೊರೆಯೇ ಹಾಳಾಗುತ್ತದೆ, ಬೆಳವಣಿಗೆ ಕುಂಟುತ್ತದೆ ಎಂದೂ ತೋರಿಸಿದ್ದಾರೆ. ಎಂಐಸಿ 4ರಲ್ಲೇ ನಿಲ್ಲುವುದಕ್ಕೂ, ಅದು ಕಾಳ್ಗಿಚ್ಚಿನಂತೆ ಹರಡದಿರುವುದಕ್ಕೂ ಇದೊಂದು ಕಾರಣವಿರಬಹುದು.

ನನಗೆ ಕಾಡುವುದು ಬೇರೆ. ಎಂಜಿಆರ್‌ಬಿ ಕೆಟ್ಟ ಕ್ಲೆಬ್ಸಿಯೆಲ್ಲಾ ಹುಟ್ಟುವುದು ಹೆಚ್ಚಾಗಿ ಕೊಲಿಸ್ಟಿನ್ ಕೊಟ್ಟಲ್ಲಿ, ನಿಮ್ಮ ವಾರ್ಡಿನೊಳಗೆ. ಅದು ಎಲ್ಲಿದೆ ಎಂದು ನಿಮಗೆ ಗೊತ್ತು. ಎಂಸಿಆರ್-1 ಇರುವುದು ಬಹುಮಟ್ಟಿಗೆ ಇ. ಕೋಲೈನಲ್ಲಿ, ಆರೋಗ್ಯವಂತರ ಕರುಳಿನಲ್ಲಿ. ಅವರಿಗೆ ಕಾಯಿಲೆಯಿಲ್ಲ, ಅವರ ಮಲವನ್ನು ಯಾರೂ ಪರೀಕ್ಷಿಸುವುದಿಲ್ಲ. ಅದೇ ಕರುಳಿಗೆ ಯಾವತ್ತೋ ಎನ್‌ಡಿಎಂ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾ ಬಂದು ಸೇರಿದರೆ, ಕಾರ್ಬಪೆನೆಮ್ ಮತ್ತು ಕೊಲಿಸ್ಟಿನ್ ಎರಡೂ ಸೋಲುವ ತಳಿ ಒಂದೇ ಭೇಟಿಯಲ್ಲಿ ತಯಾರಾಗುತ್ತದೆ. ಎರಡೂ ಜೀನ್‌ಗಳು ಒಂದೇ ಪ್ಲಾಸ್ಮಿಡ್‌ನಲ್ಲಿ ಕೂಡಿಕೊಂಡ ಉದಾಹರಣೆಗಳೂ ವರದಿಯಾಗಿವೆ. ಇನ್ನು ಕೆಲವು ದೊಡ್ಡ ಪ್ಲಾಸ್ಮಿಡ್‌ಗಳಲ್ಲಿ ಎಂಸಿಆರ್-1 ಪಕ್ಕದಲ್ಲೇ ಸೆಫಲೊಸ್ಪೊರಿನ್‌ಗಳನ್ನು ಒಡೆಯುವ ಜೀನ್ ಇರುತ್ತದೆ. ಅಂಥ ಕಡೆ ನೀವು ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಬೆಳೆಯುವುದು ಕೊಲಿಸ್ಟಿನ್ ನಿರೋಧ. ಕೊಲಿಸ್ಟಿನ್ ಬಳಕೆ ಕಡಿಮೆ ಮಾಡಿದ್ದೇವೆ ಎಂಬ ಸಮಾಧಾನ ಅಲ್ಲಿ ಉಪಯೋಗಕ್ಕೆ ಬಾರದು.

ಕೊಳವೆಗಾಜು

ನಾನು ಲ್ಯಾಬ್ ತಂತ್ರಜ್ಞೆ. ಯಂತ್ರ 0.5 ಎಂದಿತು, ಕೈಯಿಂದ ಮಾಡಿದಾಗ 4 ಬಂತು ಎಂಬುದನ್ನು ಎಲ್ಲರೂ ದಾಟಿಕೊಂಡು ಹೋದಿರಿ. ನನಗೆ ಅದೇ ಮುಖ್ಯ ಅನ್ನಿಸಿತು, ಏಕೆಂದರೆ ಆ ಮೂರು ದಿನ ಹೋದದ್ದು ಅಲ್ಲಿ.

ಕೊಲಿಸ್ಟಿನ್ ಪರೀಕ್ಷೆಗೆ ಒಗ್ಗದ ಔಷಧ. ಅಣು ದೊಡ್ಡದು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಡಿಸ್ಕ್ ಇಟ್ಟು ವಲಯ ಅಳೆಯುವುದು, ಪಟ್ಟಿ ಇಟ್ಟು ಓದುವುದು ಎರಡನ್ನೂ ನಂಬಬಾರದು. ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವ ಗುಣ ಬೇರೆ. ಸ್ವಯಂಚಾಲಿತ ಯಂತ್ರಗಳು ನಿರೋಧವಿರುವುದನ್ನು ಇಲ್ಲವೆಂದು ಹೇಳಿದ ಉದಾಹರಣೆಗಳು ಸಾಕಷ್ಟಿವೆ. 2016ರಲ್ಲೇ ಯುರೋಪ್ ಮತ್ತು ಅಮೆರಿಕದ ಮಾನದಂಡ ಸಮಿತಿಗಳು ಸೇರಿ, ದ್ರವ ಮಾಧ್ಯಮದಲ್ಲಿ ಮಾಡುವ ಮೈಕ್ರೊಡೈಲ್ಯೂಷನ್ನೇ ಆಧಾರ ಎಂದು ಹೇಳಿವೆ.

ಅದು ಎಲ್ಲ ಲ್ಯಾಬ್‌ಗಳಿಗೆ ಕಷ್ಟ. ನಾವು ಮಾಡುವುದು ಡಿಸ್ಕ್ ಎಲ್ಯೂಷನ್. ನಾಲ್ಕು ಗಾಜಿನ ಕೊಳವೆ, ಒಂದೊಂದರಲ್ಲಿ 10 ಮಿಲಿಲೀಟರ್ ಮುಲ್ಲರ್-ಹಿಂಟನ್ ಸಾರು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೊಂದಿಸಿದ್ದು. ಮೊದಲನೆಯದಕ್ಕೆ ಡಿಸ್ಕ್ ಇಲ್ಲ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ನಾಲ್ಕು. ಒಂದು ಡಿಸ್ಕ್‌ನಲ್ಲಿ 10 ಮೈಕ್ರೊಗ್ರಾಂ ಇರುವುದರಿಂದ ಕೊಳವೆಗಳಲ್ಲಿ ಲೀಟರಿಗೆ 0, 1, 2, 4 ಮಿಲಿಗ್ರಾಂ ಆಗುತ್ತದೆ. ಅರ್ಧ ಗಂಟೆ ಹಾಗೇ ಬಿಡಬೇಕು, ಔಷಧ ಡಿಸ್ಕ್‌ನಿಂದ ಸಾರಿಗೆ ಇಳಿಯಲಿ ಎಂದು. ಆಮೇಲೆ ಬ್ಯಾಕ್ಟೀರಿಯಾದ ಹದವಾದ ತೇಲುದ್ರವ 50 ಮೈಕ್ರೊಲೀಟರ್ ಹಾಕಿ ರಾತ್ರಿಯಿಡೀ 35 ಡಿಗ್ರಿಯಲ್ಲಿಡಬೇಕು.

ಬೆಳಿಗ್ಗೆ ಕೊಳವೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಅಲುಗಿಸಿ ನೋಡುತ್ತೇನೆ. ರಾತ್ರಿಪಾಳಿಯವರ ರೋಗಿಯದು ಹೀಗಿದ್ದಿರಬೇಕು: ಮೊದಲ ಮೂರು ಕೊಳವೆ ಮಬ್ಬು, ನಾಲ್ಕನೆಯದು ತಿಳಿ. ಅಂದರೆ 2ರಲ್ಲಿ ಬೆಳೆದಿದೆ, 4ರಲ್ಲಿ ಬೆಳೆದಿಲ್ಲ, ಎಂಐಸಿ 4. ಮೂರನೆಯ ಕೊಳವೆಯ ಮಬ್ಬು ಕೆಲವೊಮ್ಮೆ ತೀರಾ ತೆಳು. ಆತುರದಲ್ಲಿ ನೋಡಿದರೆ ತಿಳಿ ಅನ್ನಿಸಿ 2 ಎಂದು ಬರೆದುಬಿಡುವ ಅಪಾಯವಿದೆ. ಎಂಸಿಆರ್ ಇರುವ ಇ. ಕೋಲೈನಲ್ಲಿ ಈ ವಿಧಾನವೂ ಒಂದು ಮೆಟ್ಟಿಲು ಕಡಿಮೆ ತೋರಿಸುವುದುಂಟು. ಅದಕ್ಕೇ 2 ಬಂದ ಇ. ಕೋಲೈಯನ್ನು ನಾನು ಹಾಗೇ ಬಿಡುವುದಿಲ್ಲ, ಮತ್ತೊಮ್ಮೆ ಮೈಕ್ರೊಡೈಲ್ಯೂಷನ್‌ಗೆ ಕಳಿಸುತ್ತೇನೆ. ಎಂಐಸಿ 4 ಬರಲೇಬೇಕಾದ ಎನ್‌ಸಿಟಿಸಿ 13846 ಎಂಬ ಎಂಸಿಆರ್-1 ತಳಿಯನ್ನು ನಿಯಂತ್ರಣಕ್ಕೆಂದು ಜೊತೆಯಲ್ಲೇ ಇಡುತ್ತೇನೆ. ಅದು 4 ತೋರಿಸದ ದಿನ ಯಾವ ವರದಿಯನ್ನೂ ಹೊರಗೆ ಬಿಡುವುದಿಲ್ಲ.

ಮಾತ್ರೆಪೆಟ್ಟಿಗೆ

ನೆವಾಡಾ ವಿಷಯದಲ್ಲಿ ತಪ್ಪಿದೆ, ತಿದ್ದಿದ್ದಕ್ಕೆ ಧನ್ಯವಾದ. ಹಾಗಿದ್ದರೆ ಪಿಸಿಆರ್ ಮಾಡಿ ಜೀನ್ ಇದೆಯೇ ನೋಡಿದರೆ ಸಾಕಲ್ಲ? ಕೊಳವೆ, ಮಬ್ಬು, ಬೆಳಕು ಇದೆಲ್ಲ ಏಕೆ?

ಕೊಳವೆಗಾಜು

ಸಾಲದು. ಪಿಸಿಆರ್‌ನಲ್ಲಿ ಎಂಸಿಆರ್ ಇಲ್ಲ ಎಂದರೂ ಎಂಜಿಆರ್‌ಬಿ ಕೆಟ್ಟಿರಬಹುದು, ಆಗ ಔಷಧ ನಾಟುವುದಿಲ್ಲ. ತದ್ವಿರುದ್ಧವೂ ಆಗುತ್ತದೆ. ಎಂಸಿಆರ್ ಕುಟುಂಬದಲ್ಲಿ ಈಗ 1ರಿಂದ 10ರವರೆಗೆ ಹೆಸರುಗಳಿವೆ. ಅವುಗಳಲ್ಲಿ ಎಂಸಿಆರ್-9 ಇದ್ದರೂ ಎಂಐಸಿ ಏರದೇ ಇರುವುದು ಸಾಮಾನ್ಯ. ಜೀನ್ ಇದೆ ಎಂದು ಓಡಿ ಹೋಗಿ ಕೊನೆಗೆ ಎಂಐಸಿ 0.5 ಕಂಡ ಅನುಭವ ನನಗೇ ಆಗಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಕೊಟ್ಟಿಗೆಬಾಗಿಲು

ಪಶುವೈದ್ಯನಾಗಿ ಒಂದು ಮಾತು ಹೇಳದೆ ಇರಲಾರೆ. ಕರುಗಳ, ಹಂದಿಮರಿಗಳ ಭೇದಿಗೆ ನಾನು ವರ್ಷಗಟ್ಟಲೆ ಕೊಲಿಸ್ಟಿನ್ ಬಾಯಿಗೆ ಹಾಕಿದ್ದೇನೆ. ನಮಗೆ ಕಲಿಸಿದ್ದು ಹೀಗೆ: ಇದು ಕರುಳಿನಿಂದ ರಕ್ತಕ್ಕೆ ಹೀರಲ್ಪಡುವುದಿಲ್ಲ, ಮಾಂಸದಲ್ಲಿ ಶೇಷ ಉಳಿಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಮೂರೂ ಮಾತಿನಲ್ಲಿ ಮೊದಲೆರಡು ಬಹುಮಟ್ಟಿಗೆ ನಿಜವೇ. ಆದರೆ ಹೀರಲ್ಪಡದೆ ಅದು ಉಳಿಯುವುದು ಎಲ್ಲಿ? ಇ. ಕೋಲೈಗಳು ಕೋಟಿಗಟ್ಟಲೆ ಗುಂಪುಗಟ್ಟಿ, ಒಂದರ ಮೈಗೆ ಒಂದು ತಾಗಿಕೊಂಡು ಬದುಕುವ ಕರುಳಿನಲ್ಲಿ. ಪ್ಲಾಸ್ಮಿಡ್ ಕೈಬದಲಾಯಿಸಲು ಅದಕ್ಕಿಂತ ಅನುಕೂಲವಾದ ಜಾಗವಿಲ್ಲ. ಶೇಷ ಹುಡುಕುತ್ತಾ ನಾವು ಮಾಂಸವನ್ನು ಅಳೆದೆವು, ಸಗಣಿಯನ್ನು ಯಾರೂ ನೋಡಲಿಲ್ಲ. ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ನಾನು ಚಿಕಿತ್ಸೆಗೆ ಕೊಟ್ಟೆ. ಅದಕ್ಕಿಂತ ಎಷ್ಟೋ ಪಟ್ಟು ಹೋದದ್ದು ಬೇಗ ದಪ್ಪವಾಗಲೆಂದು ಮೇವಿನಲ್ಲಿ ಬೆರೆಸಿದ್ದು. ಚೀನಾ ಅದನ್ನು 2017ರಲ್ಲಿ ನಿಲ್ಲಿಸಿತು. 2015ರಲ್ಲಿ ಅಲ್ಲಿ ಮೇವಿಗೆ ಬೆರೆಸುವ ಕೊಲಿಸ್ಟಿನ್ ಸಲ್ಫೇಟ್ ಪ್ರೀಮಿಕ್ಸ್‌ನ ಉತ್ಪಾದನೆ 27,000 ಟನ್ ದಾಟಿತ್ತು, 2018ರ ಹೊತ್ತಿಗೆ ಸುಮಾರು 2,500 ಟನ್‌ಗೆ ಇಳಿಯಿತು. ಹಂದಿಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಇ. ಕೋಲೈ ಪ್ರಮಾಣ ಶೇ. 34ರಿಂದ ಶೇ. 5ರ ಹತ್ತಿರಕ್ಕೆ ಬಂತು. ಅಂದರೆ ಮೂಲದಲ್ಲಿ ನಿಲ್ಲಿಸಿದರೆ ಜೀನ್ ತಾನಾಗಿ ಮಾಯವಾಗುತ್ತದೆ.

ಅಗಾರ್‌ತಟ್ಟೆ

ಇಳಿಯುತ್ತದೆ ಎನ್ನಿ, ಒಪ್ಪುತ್ತೇನೆ. ಮಾಯವಾಗುತ್ತದೆ ಎನ್ನುವಂತಿಲ್ಲ. ನೀವು ಹೇಳಿದ ಅಂಕಿಗಳು ಬಂದ ಅಧ್ಯಯನದಲ್ಲೇ ಮನುಷ್ಯರ ಕರುಳಿನಲ್ಲಿ ಎಂಸಿಆರ್-1 ಹೊತ್ತವರ ಪ್ರಮಾಣ 2016ರಲ್ಲಿ ಶೇ. 14.3 ಇದ್ದದ್ದು 2019ರಲ್ಲಿ ಶೇ. 6.3ಕ್ಕೆ ಬಂತು. ಅರ್ಧಕ್ಕಿಂತ ಹೆಚ್ಚು ಇಳಿದದ್ದು ದೊಡ್ಡದೇ, ಆದರೆ ನೂರಕ್ಕೆ ಆರು ಜನ ಆಗಲೂ ಹೊತ್ತೇ ಇದ್ದರು. ಈ ಜೀನ್ ಮೊದಲು ಜಿಗಿಯುವ ತುಣುಕುಗಳ ನಡುವೆ ಕುಳಿತು ಪ್ಲಾಸ್ಮಿಡ್‌ನಿಂದ ಪ್ಲಾಸ್ಮಿಡ್‌ಗೆ ಹಾರುತ್ತಿತ್ತು. ಈಗ ಅನೇಕ ಕಡೆ ಆ ತುಣುಕುಗಳನ್ನು ಕಳೆದುಕೊಂಡು ಪ್ಲಾಸ್ಮಿಡ್‌ನಲ್ಲೇ ಗಟ್ಟಿಯಾಗಿ ನೆಲೆಯೂರಿದೆ. ಒತ್ತಡ ತೆಗೆದ ಕೂಡಲೇ ಬಿದ್ದುಹೋಗುವ ಸ್ಥಿತಿ ಅದಲ್ಲ.

ಇಪ್ಪತ್ತುವರ್ಷದ ವಾರ್ಡು

ರೋಗಿಯ ವಿಷಯಕ್ಕೆ ಬನ್ನಿ. ಕೊಲಿಸ್ಟಿನ್ ಜೊತೆಗೆ ಮೆರೊಪೆನೆಮ್ ಸೇರಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2018ರ ಐಡಾ ಪ್ರಯೋಗದಲ್ಲಿ ಹಾಗೆ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಅದರ 406 ರೋಗಿಗಳಲ್ಲಿ 312 ಜನ ಅಸಿನೆಟೊಬ್ಯಾಕ್ಟರ್‌ನವರು, ಇ. ಕೋಲೈಗೆ ಅದನ್ನು ನೇರವಾಗಿ ಅನ್ವಯಿಸಲಾಗದು ಎಂಬುದೂ ನಿಜ. ಆದರೆ ಎಂಐಸಿ 4 ಇರುವಾಗ ಆ ಚರ್ಚೆಯೇ ಬೇಡ. ಕೊಲಿಸ್ಟಿನ್ ನಿಲ್ಲಿಸಿ.

ಎನ್‌ಡಿಎಂ ಇರುವುದರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂಟಿಯಾಗಿ ನಿಲ್ಲದು. ಅಜ್ಟ್ರಿಯೊನಮ್ ಅನ್ನು ಎನ್‌ಡಿಎಂ ಒಡೆಯುವುದಿಲ್ಲ, ಅದನ್ನು ಒಡೆಯುವ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ಕಟ್ಟಿಹಾಕುತ್ತದೆ. ಹಾಗಾಗಿ ಎರಡನ್ನೂ ಒಂದೇ ಹೊತ್ತಿಗೆ ಕೊಡಬೇಕು. ಒಂದು ಎಚ್ಚರಿಕೆ: ಎನ್‌ಡಿಎಂ ಇರುವ ಇ. ಕೋಲೈಗಳಲ್ಲಿ ಕೆಲವಕ್ಕೆ ಅಜ್ಟ್ರಿಯೊನಮ್ ಅಂಟಬೇಕಾದ ಪ್ರೊಟೀನಿನಲ್ಲೇ ನಾಲ್ಕು ಅಮೈನೋ ಆಮ್ಲ ಹೆಚ್ಚಾಗಿ ಸೇರಿರುತ್ತವೆ, ಆಗ ಈ ಜೋಡಿಯ ಶಕ್ತಿಯೂ ಕುಗ್ಗುತ್ತದೆ. ಲ್ಯಾಬ್‌ನವರಿಂದ ಜೋಡಿಯಾಗಿ ಪರೀಕ್ಷೆ ಮಾಡಿಸಿ. ಮತ್ತು ಆ ಸ್ಟೆಂಟ್ ಬದಲಾಯಿಸಿ. ಕಟ್ಟಿಕೊಂಡ ನಾಳದ ಹಿಂದೆ ಕೀವು ನಿಂತಿದ್ದರೆ ಯಾವ ಔಷಧವೂ ದಾಟಿ ಹೋಗುವುದಿಲ್ಲ.

ಈ ಔಷಧಗಳು ಕೈಗೆ ಸಿಗುವವರಿಗೆ ಕೊಲಿಸ್ಟಿನ್ ಈಗ ಕೊನೆಯ ಬಾಣವಲ್ಲ. ಅಮೆರಿಕದ ಸೋಂಕುರೋಗ ತಜ್ಞರ ಸಂಘವೂ ಕಾರ್ಬಪೆನೆಮ್ ಸೋತ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳ ರಕ್ತದ ಸೋಂಕಿಗೆ ಅದನ್ನು ಬಳಸಬೇಡಿ ಎನ್ನುತ್ತದೆ. ಸಿಗದಿರುವವರು ಇನ್ನೂ ಬಹಳ ಮಂದಿ ಇದ್ದಾರೆ. ಅವರ ಪಾಲಿಗೆ ಮಾತ್ರ ಮಾತ್ರೆಪೆಟ್ಟಿಗೆಯವರ ಬತ್ತಳಿಕೆಯ ಮಾತು ನಿಜ.

ರಾತ್ರಿಪಾಳಿ

ಆರು ದಿನ ಬರೆಯಲಾಗಲಿಲ್ಲ. ಆದದ್ದನ್ನು ಹೇಳುತ್ತೇನೆ.

ಕೊಲಿಸ್ಟಿನ್ ನಿಲ್ಲಿಸಿ ಜೋಡಿ ಔಷಧ ಶುರುಮಾಡಿದ ದಿನವೇ ಸ್ಟೆಂಟ್ ಬದಲಾಯಿಸಿದರು. ಹಳೆಯ ಸ್ಟೆಂಟ್ ಪೂರ್ತಿ ಕಟ್ಟಿತ್ತು, ಹೊರತೆಗೆದ ಕೂಡಲೇ ಕೀವು ಹರಿಯಿತು. ಎರಡು ದಿನಕ್ಕೆ ಜ್ವರ ಇಳಿಯಿತು, ನಾರ್‌ಅಡ್ರಿನಲಿನ್ ನಿಂತಿತು. ಔಷಧದಿಂದಲೋ ಸ್ಟೆಂಟ್‌ನಿಂದಲೋ ಹೇಳಲಾರೆ. ಕ್ರಿಯಾಟಿನಿನ್ 2.4 ಮುಟ್ಟಿ ಈಗ 1.6ಕ್ಕೆ ಬಂದಿದೆ.

ನಮ್ಮ ಮೇಡಂ ಆ ಇ. ಕೋಲೈಯನ್ನು ಜೆ53 ಎಂಬ ಅಜೈಡ್ ಸಹಿಸುವ ಇ. ಕೋಲೈ ಜೊತೆ ಒಂದು ರಾತ್ರಿ ಒಂದೇ ಕೊಳವೆಯಲ್ಲಿ ಬೆಳೆಸಿದರು. ಮರುದಿನ ಸೋಡಿಯಂ ಅಜೈಡ್ ಮತ್ತು ಕೊಲಿಸ್ಟಿನ್ ಎರಡೂ ಬೆರೆಸಿದ ತಟ್ಟೆಗೆ ಹಚ್ಚಿದರು. ಅಜೈಡ್ ರೋಗಿಯ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಕೊಲಿಸ್ಟಿನ್ ಜೆ53ಯನ್ನು ತಡೆಯುತ್ತದೆ, ಆದ್ದರಿಂದ ಅಲ್ಲಿ ಏನೂ ಬೆಳೆಯಬಾರದು. ನನ್ನನ್ನು ಕರೆದು ತಟ್ಟೆ ತೋರಿಸಿದರು. ಎಣಿಸಲು ಆಗದಷ್ಟು ವಸಾಹತುಗಳು. ಅವುಗಳಲ್ಲೊಂದನ್ನು ತೆಗೆದು ನೋಡಿದಾಗ ಎಂಐಸಿ 4, ಮೂಲ ಜೆ53ಯದು 0.25. ಒಂದೇ ರಾತ್ರಿಯಲ್ಲಿ ಹದಿನಾರು ಪಟ್ಟು.

ಸ್ವಾಬ್‌ಗಳಲ್ಲಿ ಮೂರು ತಟ್ಟೆಗಳ ಮೇಲೆ ಬೆಳವಣಿಗೆ ಕಂಡಿತು. ಎರಡರಲ್ಲಿ ಪ್ರೋಟಿಯಸ್, ಅದು ಹುಟ್ಟಿನಿಂದಲೇ ಕೊಲಿಸ್ಟಿನ್‌ಗೆ ಬಗ್ಗದ್ದು, ಲೆಕ್ಕಕ್ಕಿಲ್ಲ ಎಂದರು. ಮೂರನೆಯದು ಪಕ್ಕದ ಹಾಸಿಗೆಯ ಅಜ್ಜಿಯದು. ಕ್ಲೆಬ್ಸಿಯೆಲ್ಲಾ, ಎಂಸಿಆರ್-1 ಪಾಸಿಟಿವ್, ಎನ್‌ಡಿಎಂ ಇಲ್ಲ. ಅಜ್ಜಿಗೆ ಸೊಂಟದ ಮೂಳೆ ಮುರಿದಿದೆ, ಸೋಂಕಿನ ಯಾವ ಲಕ್ಷಣವೂ ಇಲ್ಲ. ಅವರ ಹಾಳೆಗಳನ್ನು ಮೊದಲಿನಿಂದ ತಿರುವಿ ನೋಡಿದೆ. ಕೊಲಿಸ್ಟಿನ್ ಒಂದು ಡೋಸ್ ಕೂಡ ಹೋಗಿಲ್ಲ.

ಪ್ಲಾಸ್ಮಿಡ್ ನನ್ನ ರೋಗಿಯಿಂದ ಅಜ್ಜಿಗೆ ಹೋಯಿತು ಎಂದು ಇದರಿಂದ ಹೇಳಬಹುದೇ?

ಅಗಾರ್‌ತಟ್ಟೆ

ಇನ್ನೂ ಹೇಳಲಾಗದು. ಜೀನ್ ಒಂದೇ ಆದ ಮಾತ್ರಕ್ಕೆ ಪ್ಲಾಸ್ಮಿಡ್ ಒಂದೇ ಆಗಿರಬೇಕಿಲ್ಲ. ಅಜ್ಜಿ ಅದನ್ನು ಮನೆಯಿಂದಲೇ ಹೊತ್ತು ತಂದಿರಬಹುದು, ಅಜ್ಜಿಯಿಂದ ನಿಮ್ಮ ರೋಗಿಗೆ ಹೋಗಿರಲೂಬಹುದು. ಎರಡೂ ಬ್ಯಾಕ್ಟೀರಿಯಾಗಳನ್ನು ಉದ್ದ ತುಣುಕು ಓದುವ ವಿಧಾನದಲ್ಲಿ ಸೀಕ್ವೆನ್ಸಿಂಗ್ ಮಾಡಿಸಿ, ಪ್ಲಾಸ್ಮಿಡ್ಡನ್ನು ಪೂರ್ತಿ ಸುತ್ತು ಜೋಡಿಸಿ ಹೋಲಿಸಬೇಕು. ಇಬ್ಬರದೂ ಅಕ್ಷರಕ್ಕೆ ಅಕ್ಷರ ಹೊಂದಿದರೂ ಯಾವ ದಿಕ್ಕಿನಲ್ಲಿ ದಾಟಿತು ಎಂಬುದು ತಿಳಿಯಲಿಕ್ಕಿಲ್ಲ. ಬ್ಯಾಕ್ಟೀರಿಯಾಗಳನ್ನು ಮಾತ್ರ ಎಸೆಯಬೇಡಿ, ಮೈನಸ್ 80ರಲ್ಲಿ ಇಡಲು ಹೇಳಿ.

ಇಪ್ಪತ್ತುವರ್ಷದ ವಾರ್ಡು

ಅಪರೂಪದ್ದರ ಹಿಂದೆ ಓಡಬೇಕೇ ಎಂದು ಕೇಳಿದ್ದೆ. ನಿಮ್ಮ ಮೇಡಂ ಸ್ವಾಬ್ ಕೇಳದಿದ್ದರೆ ಆ ಅಜ್ಜಿ ಸಾಮಾನ್ಯ ವಾರ್ಡಿಗೆ ಹೋಗಿರುತ್ತಿದ್ದರು ಎಂಬುದನ್ನು ಒಪ್ಪುತ್ತೇನೆ. ಅಜ್ಜಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ಆಂಟಿಬಯೋಟಿಕ್ ಕೊಡುತ್ತೀರಿ?

ರಾತ್ರಿಪಾಳಿ

ನಾಳೆ ಬೆಳಿಗ್ಗೆ ಮೂಳೆ ವಿಭಾಗದವರೂ ಮೇಡಂ ಕೂಡ ಕುಳಿತು ನಿರ್ಧರಿಸುತ್ತಾರೆ. ಅವರ ಮಗ ಇವತ್ತು ನನ್ನನ್ನು ಕೇಳಿದರು, ಅಮ್ಮನ ಕರುಳಿನಿಂದ ಇದು ಯಾವಾಗ ಹೋಗುತ್ತದೆ, ಮನೆಯಲ್ಲಿ ಪುಟ್ಟ ಮಗು ಇದೆ ಎಂದು. ಕೈ ತೊಳೆಯುವ ವಿಷಯ ಹೇಳಿದೆ. ಯಾವಾಗ ಹೋಗುತ್ತದೆ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೀಗೆ ಹೊತ್ತುಕೊಂಡಿರುವವರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.